ಬರ್ತೀನಿ ಅಂದವರ ಪಟ್ಟಿ

ನಮ್ಮ ಅತ್ತಿಗೆ ಮೂವತ್ತು ವರ್ಷ ಬಸ್ ಡಿಪೋದಲ್ಲಿ ಡ್ಯೂಟಿ ಚಾರ್ಟ್ ಹಾಕಿದವರು. ಯಾವ ಡ್ರೈವರ್ ಎಷ್ಟು ಗಂಟೆಗೆ ಯಾವ ಗಾಡಿ ಹತ್ತಬೇಕು, ಯಾರ ರಜಕ್ಕೆ ಯಾರು ಬದಲಿ, ಎಲ್ಲಾ ಅವರ ಬೆರಳ ತುದಿಯಲ್ಲಿ. ಅಂಥವರ ಚಾರ್ಟು ಜನ್ಮದಲ್ಲಿ ಒಂದೇ ಸಲ ಕೈಕೊಟ್ಟಿತು. ಕೆಡಿಸಿದವನು ನಾನು. ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬಡಾವಣೆಯಲ್ಲಿ ಆರು ವರ್ಷದಿಂದ ರಕ್ತದಾನ ಶಿಬಿರ ನಡೆಸುತ್ತಿರುವವರು ಅತ್ತಿಗೆ. ಆದರೆ ಅವರ ರಕ್ತವನ್ನು ಮಾತ್ರ ಒಂದು ಸಲವೂ ಯಾರೂ ತೆಗೆದುಕೊಂಡಿರಲಿಲ್ಲ. ಬೆರಳು ಚುಚ್ಚಿ ನೋಡಿದಾಗಲೆಲ್ಲ ಹಿಮೋಗ್ಲೋಬಿನ್ ಹನ್ನೊಂದು, ಹನ್ನೊಂದೂವರೆ. ಹನ್ನೆರಡೂವರೆ ಇಲ್ಲದಿದ್ದರೆ ಆಗುವುದಿಲ್ಲ. ಈ ವರ್ಷ ಎಂಟು ತಿಂಗಳು ಔಷಧಿ ನುಂಗಿ, ಸೊಪ್ಪು ತಿಂದು ತಿಂದು, ಶಿಬಿರಕ್ಕೆ ನಾಲ್ಕು ದಿನ ಇರುವಾಗ ಹನ್ನೆರಡು ಪಾಯಿಂಟ್ ಎಂಟಕ್ಕೆ ತಂದರು. ಆದರೆ ಶಿಬಿರ ಭಾನುವಾರ, ಸೋಮವಾರಕ್ಕೆ ಅವರಿಗೆ ಅರವತ್ತು ತುಂಬುತ್ತಿತ್ತು. ಹಿಂದೆಂದೂ ಕೊಡದವರು ಅರವತ್ತು ತುಂಬಿದ ಮೇಲೆ ಹೊಸದಾಗಿ ಕೊಡುವಂತಿಲ್ಲ ಎಂದು ರಕ್ತನಿಧಿಯವರ ನಿಯಮ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಇವರಿಗೆ ಎರಡೂ ಒಂದೇ ಒಂದು ದಿನದ ಮಟ್ಟಿಗೆ ಕೂಡಿ ಬಂದಿದ್ದವು.

“ಗುರುವಾರವೇ ರಕ್ತನಿಧಿಗೆ ಹೋಗಿ ಕೊಟ್ಟುಬಿಡಿ ಅತ್ತಿಗೆ” ಎಂದೆ.

“ಆರು ವರ್ಷದಿಂದ ಊರಿನವರನ್ನೆಲ್ಲ ಆ ಮಂಚದ ಮೇಲೆ ಮಲಗಿಸಿದೀನಿ ಕಣೋ. ನಾನೂ ಒಂದ್ಸಲ ಅಲ್ಲೇ ಮಲಗ್ಬೇಕು.”

ಆಮೇಲೆ ಚಾರ್ಟ್ ಹಾಕಿದರು. ನೋಂದಣಿ, ತಪಾಸಣೆ, ಉಪಾಹಾರ ಎಂದು ಮೂರು ಮೇಜು. ಮೇಜಿಗೆ ಇಬ್ಬರು. ಒಂಬತ್ತರಿಂದ ಹನ್ನೊಂದು ಒಂದು ಪಾಳಿ, ಹನ್ನೊಂದರಿಂದ ಒಂದು ಇನ್ನೊಂದು. ಒಟ್ಟು ಹನ್ನೆರಡು ಜನ. ತಪಾಸಣೆಯಲ್ಲಿ ಬೆರಳು ಚುಚ್ಚುವುದು, ಬಿ.ಪಿ. ನೋಡುವುದು ರಕ್ತನಿಧಿಯವರ ಕೆಲಸ. ನಮ್ಮವರು ತೂಕ ನೋಡಿ, ಫಾರಂ ಹಿಡಿದು, ಸಾಲಾಗಿ ಕಳಿಸಬೇಕು. ಉಪಾಹಾರದ ಮೇಜು ಅಂದರೆ ಬರೀ ಜ್ಯೂಸು ಬಿಸ್ಕೆಟ್ಟು ಹಂಚುವುದಲ್ಲ. ಕೊಟ್ಟವರನ್ನು ಹದಿನೈದು ನಿಮಿಷ ಕೂರಿಸಿಕೊಂಡು, ಮುಖ ಬಿಳಿಚಿತೇ, ಬೆವರು ಬಂತೇ ಎಂದು ನೋಡುತ್ತಿರಬೇಕು. ಅತ್ತಿಗೆಯ ಇನ್ನೊಂದು ಕಟ್ಟುನಿಟ್ಟು: ರಕ್ತ ಕೊಟ್ಟವರು ಆ ದಿನ ಪಾಳಿ ಮಾಡುವಂತಿಲ್ಲ. ಹೋದ ವರ್ಷ ಹಾಗೆ ಕೂತಿದ್ದ ಒಬ್ಬರು, ತಲೆ ಸುತ್ತಿದವರನ್ನು ಹಿಡಿಯಲು ಹೋಗಿ ತಾವೂ ಬಿದ್ದು ಗದ್ದ ಒಡೆದುಕೊಂಡಿದ್ದರು. ಹಾಗಾಗಿ ಪಾಳಿ ಮೊದಲು, ದಾನ ಆಮೇಲೆ. ತಮ್ಮ ಹೆಸರನ್ನು ಅವರು ಹನ್ನೆರಡು ಗಂಟೆಗೆ ಬರೆದುಕೊಂಡರು.

ಮೊದಲ ಪಾಳಿಗೆ ನಾಲ್ಕು ಜನ ಡಿಪೋದವರನ್ನು ಅವರೇ ಹಿಡಿದು ತಂದರು. ಉಳಿದ ಎಂಟು ಜನರನ್ನು ಹುಡುಕುವ ಹೊಣೆ ನನಗೆ. ನನ್ನದು ಟೈಲರ್ ಅಂಗಡಿ, ಇಡೀ ಬಡಾವಣೆಯ ಸೊಂಟದ ಅಳತೆ ನನ್ನ ಹತ್ತಿರ ಇದೆ. ಬಂದವರಿಗೆಲ್ಲ ಶಿಬಿರದ ವಿಷಯ ಹೇಳಿದೆ. ಅವರು ಕೇಳಿಸಿಕೊಂಡರು, ಒಳ್ಳೇ ಕೆಲಸ ಅಂದರು, ಪ್ಯಾಂಟು ಯಾವತ್ತು ಕೊಡ್ತೀಯ ಅಂದರು, ಕೊನೆಗೆ “ಆಯ್ತು, ಬರ್ತೀನಿ” ಅಂದರು. ನಾನು ಟಿಕ್ ಹಾಕಿದೆ. ಸಂಜೆಯೊಳಗೆ ಎಂಟು ಟಿಕ್. ಏನು ಹೆಮ್ಮೆ ನನಗೆ!

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸಮುದಾಯ ಭವನದಲ್ಲಿ ಡಿಪೋದ ನಾಲ್ವರೂ ಹಾಜರು. ನನ್ನ ಇಬ್ಬರ ಸುಳಿವಿಲ್ಲ. ಅತ್ತಿಗೆ ನೋಂದಣಿಗೂ ಉಪಾಹಾರಕ್ಕೂ ಓಡಾಡಿದರು. ನಾನೋ, ಮಹಾ ಶೂರ, ಎಲ್ಲರಿಗಿಂತ ಮೊದಲು ಮಂಚ ಹತ್ತಿ ರಕ್ತ ಕೊಟ್ಟು ಫೋಟೋ ತೆಗೆಸಿಕೊಂಡಿದ್ದೆ. ಹತ್ತೂವರೆಗೆ ಎರಡನೇ ಪಾಳಿಯವರಿಗೆ ನೆನಪಿಸೋಣ ಎಂದು ಫೋನು ಮಾಡತೊಡಗಿದೆ. ಮೊದಲು ಚಪ್ಪಲಿ ಅಂಗಡಿಯವನಿಗೆ.

“ಎಲ್ಲಿದ್ದೀಯಾ? ಹನ್ನೊಂದಕ್ಕೆ ನಿನ್ನ ಪಾಳಿ.”

“ಯಾವ ಪಾಳಿ?”

“ಬರ್ತೀನಿ ಅಂದ್ಯಲ್ಲೋ!”

“ಅಯ್ಯೋ ಮಾರಾಯ, ಹೊರಡುವಾಗ ಬರ್ತೀನಿ ಅನ್ನದೆ ಹೋಗ್ತೀನಿ ಅಂತಾರಾ ಯಾರಾದ್ರೂ?”

ನನ್ನ ಕಿವಿ ಬಿಸಿಯಾಯಿತು. ಇನ್ನೊಬ್ಬರಿಗೆ ಮಾಡಿದೆ, ಅದೇ ಮಾತು. ಮತ್ತೊಬ್ಬಾಕೆ ನಕ್ಕೇಬಿಟ್ಟರು: “ನೀವು ‘ನಾಳೆ ಖಂಡಿತ ಕೊಡ್ತೀನಿ’ ಅಂದಾಗ ನಾವು ಟಿಕ್ ಹಾಕ್ತೀವಾ?” ಮಾಡಿದ್ದುಣ್ಣೋ ಮಹರಾಯ. ಎಂಟು ಟಿಕ್ಕಿನಲ್ಲಿ ನಿಜವಾಗಿ ಬಂದವರು ಒಬ್ಬರೇ, ಗಣಿತದ ಮೇಷ್ಟ್ರು. ಅವರು ಅಂಗಡಿಯಿಂದ ಹೊರಡುವಾಗ ಏನೂ ಹೇಳದೆ ತಲೆಯಾಡಿಸಿದ್ದರು, ಅಷ್ಟೆ.

ಹನ್ನೊಂದೂವರೆಗೆ ಡಿಪೋದ ಇಬ್ಬರು ಡ್ಯೂಟಿಗೆ ಹೊರಟರು. ಇನ್ನಿಬ್ಬರು ರಕ್ತ ಕೊಟ್ಟರು, ನಿಯಮದ ಪ್ರಕಾರ ಅವರೂ ಕೆಲಸಕ್ಕಿಲ್ಲ. ಮೇಷ್ಟ್ರು ನೋಂದಣಿ, ತಪಾಸಣೆ ಎರಡೂ ಮೇಜುಗಳನ್ನು ಜೋಡಿಸಿಕೊಂಡು ಒಬ್ಬರೇ ಒದ್ದಾಡುತ್ತಿದ್ದರು. ಉಪಾಹಾರದ ಮೇಜಿನಲ್ಲಿ ಅತ್ತಿಗೆ ಒಬ್ಬರೇ. ಹನ್ನೆರಡಾಯಿತು. ಅವರು ತಮ್ಮ ಫಾರಂ ತುಂಬಿ ಮೇಷ್ಟ್ರ ಕೈಗೆ ಕೊಟ್ಟು ಬಂದು, ಬಾಗಿಲ ಕಡೆ ನೋಡುತ್ತಾ ಕೂತರು. ಯಾರೂ ಬರಲಿಲ್ಲ.

“ಏಳಿ ಅತ್ತಿಗೆ, ನಾನು ಕೂತ್ಕೋತೀನಿ. ಬರೀ ಕೂರೋದು ತಾನೇ” ಎಂದೆ.

“ನಿನ್ನ ತೋಳಿನ ಹತ್ತಿ ನೋಡ್ಕೋ. ಯಾರಾದ್ರೂ ಬಿದ್ರೆ ಎತ್ತೋರು ಯಾರು?”

“ಏನೂ ಆಗಲ್ಲ ಬಿಡಿ!”

“ಹೋದ ವರ್ಷವೂ ಏನೂ ಆಗಲ್ಲ ಅಂತಾನೇ ಕೂತಿದ್ರು.” ದನಿ ಏರಿತು. “ಮೊದಲೇ ಸರಿಯಾಗಿ ಕೇಳಿದ್ದಿದ್ರೆ! ‘ಯಾವತ್ತು, ಎಷ್ಟು ಗಂಟೆಗೆ, ಯಾವ ಮೇಜಿಗೆ’ ಅಂತ ಕೇಳೋಕೆ ಬಾಯಿಗೇನಾಗಿತ್ತು ನಿಂಗೆ?”

ಬೀದಿಗೆ ಹೋಗಿ ಯಾರನ್ನಾದರೂ ಎಳೆದು ತರೋಣ ಎಂದು ಹೊರಟೆ. ಭಾನುವಾರದ ಮಧ್ಯಾಹ್ನ, ಅರ್ಧ ಅಂಗಡಿಗಳಿಗೆ ಬಾಗಿಲು. ಸಿಕ್ಕ ಮೂವರೂ “ನೋಡ್ತೀನಿ” ಅಂದರು. ಅದರ ಅರ್ಥ ನನಗೂ ಗೊತ್ತು. ಬೆವರು ಸುರಿಸುತ್ತಾ ಬರಿಗೈಯಲ್ಲಿ ವಾಪಸ್ ಬಂದಾಗ ಹನ್ನೆರಡೂಮುಕ್ಕಾಲು. ಒಬ್ಬ ದಪ್ಪನೆಯ ಗ್ಯಾಸ್ ಡೆಲಿವರಿಯವನು ಜ್ಯೂಸು ಹಿಡಿದುಕೊಂಡೇ ವಾಲಿದ್ದ. ಅತ್ತಿಗೆ ಅವನ ಭುಜ ಹಿಡಿದು ನೆಲಕ್ಕೆ ಮಲಗಿಸಿ, ಕಾಲುಗಳನ್ನು ಕುರ್ಚಿಯ ಮೇಲೆ ಇಟ್ಟು, ಡಾಕ್ಟರನ್ನು ಕೂಗಿದ್ದರು. ಅಷ್ಟು ತೂಕವನ್ನು ನಾನು ಹಿಡಿಯುತ್ತಿದ್ದೆನೇ? ಇಲ್ಲ. ಅದು ಇನ್ನೂ ಉರಿಸಿತು.

ಅವನು ಎದ್ದು ಕೂತು, ಮುಖಕ್ಕೆ ಕಳೆ ಬಂದು, ನಡೆದು ಹೋಗುವ ಹೊತ್ತಿಗೆ ಒಂದೂಕಾಲು. ಮಂಚ ಮಡಚಾಗಿತ್ತು. ರಕ್ತದ ಪೆಟ್ಟಿಗೆ ಗಾಡಿ ಸೇರಿತ್ತು.

“ಒಬ್ಬರದು ತಗೊಳ್ಳಿ ಸಾರ್, ಹತ್ತೇ ನಿಮಿಷ” ಎಂದು ಡಾಕ್ಟರ ಹಿಂದೆ ಬಿದ್ದೆ.

“ತಗೊಂಡಿರೋ ಚೀಲಗಳು ಹೊತ್ತಿಗೆ ಸರಿಯಾಗಿ ತಲುಪಬೇಕಲ್ಲ, ಈಗಲೇ ತಡ ಆಗಿದೆ. ಭಾನುವಾರ ರಕ್ತನಿಧಿಯಲ್ಲೂ ತಗೊಳ್ಳಲ್ಲ. ನಾಳೆ ಬೆಳಿಗ್ಗೆ ಕಳಿಸಿ.”

“ನಾಳೆ ಆಗಲ್ಲ” ಎಂದೆ. ಯಾಕೆ ಎಂದು ಹೇಳುವಷ್ಟರಲ್ಲಿ ಅವರನ್ನು ಯಾರೋ ಕರೆದರು.

ರಕ್ತನಿಧಿಯ ಹುಡುಗಿ ಫಾರಂಗಳನ್ನು ರಿಜಿಸ್ಟರಿಗೆ ತಾಳೆ ನೋಡುತ್ತಿದ್ದಳು. ಕೊಟ್ಟವರು ನಲವತ್ತೊಂದು. ತಪಾಸಣೆಯಲ್ಲಿ ವಾಪಸ್ಸಾದವರು ಒಂಬತ್ತು. ಒಂದು ಫಾರಂ ಉಳಿಯಿತು. ಹೆಸರು ಓದಿ ಸುತ್ತಲೂ ನೋಡಿ, “ಇವರು ಯಾರು? ನೋಂದಣಿ ಮಾಡಿಸಿದ್ದಾರೆ, ತಪಾಸಣೆಗೆ ಬಂದೇ ಇಲ್ಲ. ಏನಂತ ಬರೀಲಿ?” ಎಂದಳು.

ಅತ್ತಿಗೆ ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದರು, ತಲೆಯೆತ್ತಲಿಲ್ಲ.

“ಬರಲಿಲ್ಲ ಅಂತ ಬರೀಮ್ಮ” ಎಂದರು.