ಅವನ ಫೋನಿಗೆ ಬರುತ್ತಿದ್ದ ಮೆಸೇಜು

ಬೈಲಹೊಂಗಲದ ಹಾಸ್ಟೆಲ್ಲೊಂದರಲ್ಲಿ ಅಡುಗೆ ಕೆಲಸಕ್ಕೆ ಸೇರಿದಾಗ ಪಗಾರಕ್ಕೆಂದು ಬ್ಯಾಂಕಿನಲ್ಲಿ ಖಾತೆ ತೆರೆದೆ. ಆಗ ನನ್ನ ಹತ್ತಿರ ಮೊಬೈಲ್ ಇರಲಿಲ್ಲ, ಗಂಡನ ನಂಬರ್ ಬರೆಸಿದೆ. ದುಡಿಮೆ ನನ್ನದು, ಮೆಸೇಜು ಅವನಿಗೆ! ಎಟಿಎಮ್ಮಿನಿಂದ ಐದುನೂರು ತೆಗೆದು ಮನೆ ಮುಟ್ಟುವಷ್ಟರಲ್ಲಿ ಹೊಸ್ತಿಲಲ್ಲಿ ನಿಂತಿರುತ್ತಿದ್ದ. ಮೊದಲು ಏಟು, ಆಮೇಲೆ ವಿಚಾರಣೆ. ಖಾತೆಯಲ್ಲಿ ಬಾಕಿ ಕಡಿಮೆಯಾಗಿದೆ ಎಂಬ ಮೆಸೇಜು ಬಂದ ದಿನ ಬೆಲ್ಟು.

ಒಂದು ಮಧ್ಯಾಹ್ನ ಬಂದವನೇ ನನ್ನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಬಡಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು.

“ಹತ್ತು ಸಾವಿರ ಯಾರಿಗ್ ಕೊಟ್ಟಿ? ನೋಡಿಲ್ಲೆ, ಮೆಸೇಜ್ ಬಂದೈತಿ!”

ಒಂದೇ ಕಣ್ಣಿನಲ್ಲಿ ಓದಿದೆ. ಹತ್ತು ಸಾವಿರ ಹೋಗಿದೆ, ನೀವು ಕಳಿಸಿಲ್ಲವಾದರೆ ಕೂಡಲೇ ಈ ಲಿಂಕ್ ಒತ್ತಿ ಎಂದಿತ್ತು. ಬಂದದ್ದು ಯಾರದೋ ಮೊಬೈಲ್ ನಂಬರಿನಿಂದ. ಬ್ಯಾಂಕು ಕಳಿಸಿದ್ದರೆ ನಂಬರಿನ ಜಾಗದಲ್ಲಿ ಬ್ಯಾಂಕಿನ ಗುರುತಿನ ಅಕ್ಷರಗಳು, ಒಳಗೆ ನನ್ನ ಖಾತೆಯ ಕೊನೆಯ ಅಂಕಿಗಳು ಇರುತ್ತಿದ್ದವು. ಎರಡೂ ಇರಲಿಲ್ಲ.

“ಇದು ಖೋಟಾ ಮೆಸೇಜ್ ಐತ್ರಿ. ಲಿಂಕ್ ಒತ್ತಬ್ಯಾಡ್ರಿ, ಇದ್ದ ರೊಕ್ಕಾನೂ ಹೋಗತಾವ. ಎಟಿಎಮ್ಮಿಗೆ ಹೋಗಿ ನೋಡ್ರಿ.”

ನನ್ನ ಕಾರ್ಡು ಒಯ್ದು ನೋಡಿ ಬಂದ. ರೊಕ್ಕ ಇದ್ದಷ್ಟೇ ಇತ್ತು. “ನನಗ ಶಾಣ್ಯಾತನ ಕಲಿಸ್ತೀಯೇನ?” ಎಂದು ಹೊಟ್ಟೆಗೆ ಒದ್ದ. ಅಳು ಬರಲಿಲ್ಲ, ಮೈ ಉರಿದುಹೋಯಿತು. ಮೆಸೇಜು ನಿಜವೋ ಸುಳ್ಳೋ, ಈ ಪುಣ್ಯಾತ್ಮನಿಗೆ ಹೊಡೆಯಲು ಏನಾದರೊಂದು ನೆಪ ಸಾಕಿತ್ತು.

ಮರುದಿನ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು, ಆಧಾರ್ ಕಾರ್ಡು, ಪಾಸ್‌ಬುಕ್ಕು ಹಿಡಿದು ನೇರ ಬ್ಯಾಂಕಿಗೆ ಹೋದೆ. ಅಷ್ಟೊತ್ತಿಗಾಗಲೇ ನಾನೂ ಒಂದು ಮೊಬೈಲ್ ಕೊಂಡು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಬಚ್ಚಿಟ್ಟಿದ್ದೆ. ಅದರ ನಂಬರ್ ಬರೆದುಕೊಟ್ಟೆ. ಕೌಂಟರಿನ ಹುಡುಗಿ ನನ್ನ ಮುಖ ನೋಡಿ ದನಿ ತಗ್ಗಿಸಿದಳು.

“ಅಕ್ಕಾರ, ನಂಬರ್ ಬದಲಾತು ಅಂತ ಹಳೇ ನಂಬರಿಗೂ ಒಂದ್ ಮೆಸೇಜ್ ಹೋಗತೈತ್ರಿ. ಅದನ್ನ ತಡಿಯಾಕ ಬರಂಗಿಲ್ಲ.”

ಇವತ್ತು ಕೊಂದೇ ಹಾಕುತ್ತಾನೆ ಅನ್ನಿಸಿತು. ಆದರೂ ಸಹಿ ಮಾಡಿದೆ. ಖಾತೆಯ ಬಾಕಿ ಸಾವಿರಕ್ಕಿಂತ ಕೆಳಗಿಳಿದರೆ ನನಗೇ ತಿಳಿಸುವಂತೆ ಅಲರ್ಟನ್ನೂ ಹಾಕಿಸಿದೆ.

ಸಂಜೆ ರೊಟ್ಟಿ ಬಡಿಯುತ್ತಿದ್ದಾಗ ಅವನ ಮೊಬೈಲ್ ಸದ್ದು ಮಾಡಿತು. ನನ್ನ ಕೈ ನಿಂತಿತು. ಅವನು ಓದಿ ನಕ್ಕ.

“ಮತ್ತೊಂದು ಖೋಟಾ ಬಂತು ನೋಡ. ನಂಬರ್ ಬದಲಾಗೈತಂತ. ನನಗ ಮೋಸಾ ಮಾಡತಾರಂತ ಮಕ್ಳು!”

“ಹೌದ್ರಿ” ಎಂದೆ.

ಮೆಸೇಜು ಅಳಿಸಿದ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿತ್ತು. ಅದಕ್ಕೆ ಕೆನ್ನೆಗೆ ಬಾರಿಸಿದ.

ಮರುದಿನ ಕೆಲಸಕ್ಕೆಂದು ಹೊರಟವಳು ಹಾಸ್ಟೆಲ್ಲಿನಿಂದ ನನ್ನ ಮೊಬೈಲ್ ತೆಗೆದುಕೊಂಡು ಸವದತ್ತಿಯ ಬಸ್ಸು ಹತ್ತಿದೆ. ಅಲ್ಲೊಂದು ಖೋಲಿ ಹಿಡಿದು ಮುಂಗಡವನ್ನು ಮೊಬೈಲಿನಲ್ಲೇ ಹಾಕಿದೆ. ರೊಕ್ಕ ಹೋದ ಮೆಸೇಜು ನನ್ನ ಅಂಗೈಯಲ್ಲೇ ಸದ್ದು ಮಾಡಿತು. ನಾನು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ನೆಲಕ್ಕೆ ಕುಸಿದೆ.

“ಯಾಕವಾ, ಏನಾತು?” ಮನೆಯೊಡತಿ ಗಾಬರಿಯಾದಳು.

ಏಟು ಬೀಳಲಿಲ್ಲ. ಕೈ ಇಳಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.