ಕೂಗಿ ನೋಡಿದ ಹೆಸರು

ನಮ್ಮ ಚಿಕ್ಕೇರೂರಿನ ಶಿಕ್ಷಣ ಟ್ರಸ್ಟಿನಲ್ಲಿ ಒಬ್ಬ ಟೇಲರ್ ಇದ್ದರು. ಸಭೆಗೂ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬರುತ್ತಿದ್ದರು. ಠರಾವು ಬರೆಯುವ ಕಾರ್ಯದರ್ಶಿ ನಾನು. ಹೊಸ ಶಾಲೆಗೆ ಯಾವ ಹೆಸರು ಹೇಳಿದರೂ ಅವರದು ಒಂದೇ ಮಾತು: "ಓಣ್ಯಾಗ ಕೂಗಿ ನೋಡ್ರಿ."

ಶಿಕ್ಷಣ ಇಲಾಖೆಗೆ ಅರ್ಜಿ ಹಾಕುವ ಮೊದಲು ಹೆಸರು ಠರಾವಾಗಬೇಕಿತ್ತು. ಮೊದಲು ಆರಿಸಿದ ಹೆಸರು ಹಿರೇಕೆರೂರಿನ ಶಾಲೆಯೊಂದಕ್ಕೆ ಆಗಲೇ ಇದ್ದುದರಿಂದ ಬಿಟ್ಟೆವು. 'ಇಂಟರ್‌ನ್ಯಾಷನಲ್' ಬೇಕೆಂದವರಿಗೆ ನಾನೇ ಅಡ್ಡ ಬಂದೆ. 'ಅರಿವು' ಎಂದೇ ಇಡಬೇಕು, ಅಷ್ಟು ತೂಕದ ಪದ ಇನ್ನೊಂದಿಲ್ಲ ಎಂದು ಹಟ ಹಿಡಿದೆ.

ಟೇಲರ್ ಬಾಗಿಲಿಗೆ ಹೋಗಿ, ದಾರಿಯಲ್ಲಿ ಹೊರಟಿದ್ದ ತಾಯಿಯೊಬ್ಬಳನ್ನು ಕೂಗಿದರು: "ಯಕ್ಕಾ, ಮಗಳನ್ನ ಅರಿವು ಸಾಲಿಗೆ ಕಳಸ್ತೀಯೇನು?"

"ಅರಿವಿ ಸಾಲಿಗೇನ್ರಿ? ಅಲ್ಲೂ ನೀವ ಹೊಲೀತೀರೇನು?"

ನಮ್ಮ ಕಡೆ ಅರಿವಿ ಎಂದರೆ ಬಟ್ಟೆ. ಸಭೆಯೆಲ್ಲ ನಕ್ಕಿತು. ನನಗೆ ಸಿಟ್ಟು ಬಂತು. ಟೇಲರ್ ನಗದೆ ಮತ್ತೆ ಆಕೆಯನ್ನೇ ಕೇಳಿದರು:

"ಹಂಗಾರ, ಅಕ್ಷರ ಸಾಲಿ ಅಂದ್ರ?"

ಆಕೆ ನಿಂತಳು. ಸೆರಗು ಸರಿಮಾಡಿಕೊಂಡು, "ಅಕ್ಕರ ಸಾಲಿ," ಎಂದು ಮೆಲ್ಲಗೆ ಅಂದು ನೋಡಿದಳು. "ನನಗಂತೂ ಬರಲಿಲ್ಲ. ಆಕಿಗರ ಬರಲಿ. ಕಳಸ್ತೇನ್ರಿ."

ಟೇಲರ್ ನನ್ನತ್ತ ತಿರುಗಿದರು. "ತಪ್ಪಿ ಅಕ್ಕರ ಅಂದ್ರೂ ಪ್ರೀತಿ ಅಂತನ ಆಗ್ತೈತಿ. ಬರಕೋರಿ."

ಬರೆದುಕೊಂಡೆ. ಎಲ್ಲರೂ ಸಹಿ ಮಾಡಿದರು.

ಟೇಲರ್ ತೀರಿಕೊಂಡು ಎರಡು ವರ್ಷವಾಯಿತು. ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ತಾಯಂದಿರು ಈಗಲೂ 'ಅಕ್ಕರ' ಎನ್ನುತ್ತಾರೆ. ನಾನು ತಿದ್ದುವುದಿಲ್ಲ. ಮುಚ್ಚಿದ ಆ ಹೊಲಿಗೆ ಅಂಗಡಿಯ ಮುಂದೆ ಹಾಯುವಾಗ ಮಾತ್ರ, ಅವರ ಹೆಸರು ಹಿಡಿದು ಒಮ್ಮೆ ಕೂಗಿ ನೋಡಬೇಕು ಅನಿಸುತ್ತದೆ.