ಐದು ಬೆರಳು, ಆಮೇಲೆ ಅವಳ ಮಾತು

ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನು ಹೊರಗಿನ ಬೆಂಚಿನ ಮೇಲೆ ಕೂತು ಶಿವನ ನೂರೆಂಟು ನಾಮ ಹೇಳಿ ಮುಗಿಸಿದೆ. ಮತ್ತೊಂದು ಸಲ ಹೇಳಿದೆ. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದರಿಂದ ಒಂದಕ್ಷರ ತಪ್ಪಲಿಲ್ಲ. ಆದರೆ ‘ನನಗೆ ಭಯವಾಗ್ತಿದೆ, ಅಪ್ಪನ್ನ ಉಳಿಸಿಕೊಡು’ ಅನ್ನುವ ಮಾತು ಮಾತ್ರ ಬರಲೇ ಇಲ್ಲ. ಅಪ್ಪ ಹೋದ ಮೇಲೂ ಆ ಮಾತು ಗಂಟಲಲ್ಲೇ ಉಳಿಯಿತು. ನನ್ನ ಮಗಳಿಗೆ ಹೀಗಾಗಕೂಡದು ಎಂದು ಅವತ್ತೇ ಹಟ ಹಿಡಿದೆ.

ಅವಳಿಗೆ ಆರು ತುಂಬುತ್ತಿದ್ದಂತೆ ಶುರು ಮಾಡಿದೆ. ವಿನೋಬನಗರದ ನಮ್ಮ ಬಾಡಿಗೆ ಮನೆಯಲ್ಲಿ ಅಡುಗೆಮನೆಯ ಗೂಡೇ ದೇವರಮನೆ. ಸಂಜೆ ಕೈಕಾಲು ತೊಳೆದು, ಮೂರು ಬೆರಳಿನಲ್ಲಿ ಹಣೆಗೆ ವಿಭೂತಿ ಎಳೆದುಕೊಂಡು ಅವಳು ಕೂರುತ್ತಿದ್ದಳು. ‘ಮೊದಲು ಥ್ಯಾಂಕ್ಸ್ ಹೇಳು, ಆಮೇಲೆ ತಪ್ಪು ಒಪ್ಪಿಕೋ, ಕೊನೆಗೆ ಏನು ಬೇಕೋ ಕೇಳು, ನಿನ್ನದೇ ಮಾತಲ್ಲಿ’ ಎಂದು ಕಲಿಸಿದೆ. ಮೊದಲ ದಿನ ಅವಳು, ‘ಶಿವಾ, ನಮ್ಮ ಮಿಸ್‌ಗೆ ನಾಳೆ ಜ್ವರ ಬರ್ಲಿ’ ಅಂದಳು. ‘ಹಾಗೆಲ್ಲ ಕೇಳಬಾರದು’ ಎಂದು ಗದರಿದೆ. ‘ಎಲ್ಲರೂ ಚೆನ್ನಾಗಿರ್ಲಿ ಅನ್ನು’ ಅಂದೆ. ಅಂದಳು. ಒಂದೇ ತಿಂಗಳಲ್ಲಿ ಅವಳ ಪ್ರಾರ್ಥನೆ ಎಷ್ಟು ಚೆಂದವಾಯಿತೆಂದರೆ ನಾನು ಒಳಗೊಳಗೇ ಬೀಗಿದೆ.

ಬೀಗಿದ್ದು ಇಳಿದದ್ದು ಭದ್ರಾವತಿಯಲ್ಲಿ, ಅತ್ತೆಯ ಮುಂದೆ. ಅವರದು ನಿತ್ಯ ಲಿಂಗಪೂಜೆ ತಪ್ಪಿಸದ ಜೀವ. ಮೊಮ್ಮಗಳಿಗೆ ನೂರೆಂಟು ನಾಮ ಕಲಿಸಬೇಕೆಂಬುದು ಅವರ ಆಸೆ, ಬೇಡವೆಂಬುದು ನನ್ನ ಹಟ. ಆ ಭಾನುವಾರ ಮಗಳು ಅವರ ಮನೆಯ ಮೆಟ್ಟಿಲ ಮೇಲೆ ಬಿದ್ದು ಮೊಣಕಾಲು ತರಚಿಕೊಂಡು, ಬೀದಿಗೆಲ್ಲ ಕೇಳುವಂತೆ ಅತ್ತಿದ್ದಳು. ಸಂಜೆ ಬ್ಯಾಂಡೇಜಿನ ಕಾಲು ಚಾಚಿ ಕೂತು, ಕಣ್ಣು ಮುಚ್ಚಿ, ‘ಶಿವಾ, ಇವತ್ತು ತುಂಬಾ ಚೆನ್ನಾಗಿತ್ತು, ಥ್ಯಾಂಕ್ಸ್. ತಪ್ಪಾಗಿದ್ರೆ ಕ್ಷಮಿಸು. ಎಲ್ಲರೂ ಚೆನ್ನಾಗಿರ್ಲಿ’ ಎಂದು ಒಂದೇ ಉಸಿರಿಗೆ ಒಪ್ಪಿಸಿದಳು.

ಅತ್ತೆ ನನ್ನನ್ನು ನೋಡಿದರು. ‘ಇದು ಅವಳ ಮಾತೇನೆ ಮಾರಾಯ್ತಿ? ನೀನು ಕಲಿಸಿದ ಪಾಠ ಇದು. ನನ್ನ ನೂರೆಂಟರಲ್ಲಿ ಶಿವನ ಹೆಸರಾದ್ರೂ ನೂರೆಂಟು ಸಲ ಇರುತ್ತೆ.’

ಶಿವಮೊಗ್ಗದ ಬಸ್ಸಿನಲ್ಲಿ ಇಡೀ ದಾರಿ ಅತ್ತೆಯನ್ನು ಮನಸ್ಸಿನಲ್ಲೇ ಬೈದೆ. ಊರು ಬರುವಷ್ಟರಲ್ಲಿ ಬೈಗುಳ ಮುಗಿದಿತ್ತು, ಅವರ ಮಾತು ಉಳಿದಿತ್ತು. ಸ್ವಂತ ಮಾತು ಎನ್ನುತ್ತಲೇ ನಾನು ಅವಳಿಗೆ ಇನ್ನೊಂದು ಬಾಯಿಪಾಠ ಮಾಡಿಸಿದ್ದೆ, ಅದೂ ಸುಳ್ಳು ಹೇಳಿಸುವಂಥದ್ದು.

ಮರುದಿನ ಅತ್ತೆಗೆ ನಾನೇ ಫೋನ್ ಮಾಡಿದೆ. ಏನನ್ನು ಮೊದಲು ಕಲಿಸಬೇಕು ಎಂದು ಕೇಳಿದೆ. ಅವರು ಗೆದ್ದ ದನಿಯಲ್ಲೇನೂ ಮಾತಾಡಲಿಲ್ಲ. ‘ಮೊದಲು ಪಂಚಾಕ್ಷರಿ. ಐದಕ್ಷರ, ಐದು ಬೆರಳು. ಅದು ಕೂತ ಮೇಲೆ ಊಟಕ್ಕೆ ಮುಂಚೆ ಶಿವಾರ್ಪಣ ಅನ್ನೋದು. ಆಮೇಲೆ ಅವಳಿಗೆ ಅರ್ಥ ಆಗೋ ನಾಲ್ಕು ಸಾಲಿನ ಒಂದು ವಚನ. ನೂರೆಂಟು ನಾಮ ಓದೋಕೆ ಬಂದಮೇಲೆ ನೋಡಿದ್ರಾಯ್ತು. ದೀಕ್ಷೆ ಆದಮೇಲೆ ಲಿಂಗಪೂಜೆ ಹೇಗೂ ಇದೆ.’ ಫೋನ್ ಇಡುವ ಮುಂಚೆ, ‘ಮಂತ್ರ ಮುಗಿದಮೇಲೆ ಅವಳನ್ನ ಅವಳ ಪಾಡಿಗೆ ಬಿಡು. ನೀನು ಮಧ್ಯೆ ಬಾಯಿ ಹಾಕ್ಬೇಡ’ ಅಂದರು.

ಅವತ್ತು ಸಂಜೆ ಮಗಳಿಗೆ ಹೆಬ್ಬೆರಳಿಂದ ಶುರುಮಾಡಿ ಒಂದೊಂದೇ ಬೆರಳು ಮಡಚಿಸಿದೆ. ನ, ಮ, ಶಿ, ವಾ, ಯ. ‘ಓಂ ಎಲ್ಲಿ ಹೋಯ್ತು?’ ಎಂದು ಕೇಳಿದಳು. ‘ಅದು ಅಂಗೈಗೆ’ ಎಂದೆ, ಆ ಕ್ಷಣಕ್ಕೆ ಹೊಳೆದದ್ದು. ಹೀಗೆ ಐದು ಸಲ ಹೇಳುವಷ್ಟರಲ್ಲಿ ಅವಳ ಚಡಪಡಿಕೆ ನಿಲ್ಲುತ್ತಿತ್ತು. ಆಮೇಲೆ ‘ಈಗ ನಿಂಗೆ ಹೇಳ್ಬೇಕು ಅನ್ನಿಸಿದ್ರೆ ಹೇಳು, ಇಲ್ದಿದ್ರೆ ಬೇಡ’ ಎಂದು ನಾನು ಸುಮ್ಮನಾಗುತ್ತಿದ್ದೆ. ಅವಳೂ ಸುಮ್ಮನೆ ಕೂರುತ್ತಿದ್ದಳು. ಎರಡು ವಾರ ಒಂದು ಮಾತಿಲ್ಲ. ಹೇಳಿಕೊಡಲು ನಾಲಿಗೆ ತುರಿಸುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಈ ಸಲ ಸೋಲಬಾರದು, ಅಷ್ಟೇ.

ಮೂರನೇ ವಾರದ ಒಂದು ಸಂಜೆ, ಬೆರಳು ಮಡಚಿ ಮುಗಿದ ಮೇಲೆ, ಅವಳು ಪಕ್ಕದಲ್ಲಿದ್ದ ನನ್ನನ್ನು ಮರೆತವಳಂತೆ ಮೆಲ್ಲಗೆ ಮಾತಾಡಿದಳು.

‘ಶಿವಾ, ಅಮ್ಮ ಬೈದಾಗ ನಂಗೆ ತುಂಬಾ ಭಯ ಆಗುತ್ತೆ. ಹೊಟ್ಟೆ ನೋಯುತ್ತೆ. ಅಮ್ಮ ಬೈಯ್ದೆ ಇರೋ ಹಾಗೆ ಮಾಡು.’

ನಾನು ಎಲ್ಲಿ ಬೈತೀನಿ, ನಿನ್ನ ಒಳ್ಳೆಯದಕ್ಕೆ ತಾನೇ, ಎಂದೆಲ್ಲ ಹೇಳಲು ಬಾಯಿ ತೆರೆದೆ. ಮುಚ್ಚಿದೆ. ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ಬಾರದಿದ್ದ ಮಾತು ಇವಳಿಗೆ ಬಂದಿತ್ತು, ಮತ್ತು ಅದು ನನ್ನ ಮೇಲಿನ ದೂರೇ ಆಗಿತ್ತು.

ಅವಳು ನಮಸ್ಕಾರ ಮಾಡಿ ಎದ್ದು, ನನ್ನ ಮುಖ ನೋಡಿ ಗಾಬರಿಯಾದಳು. ‘ಅಮ್ಮಾ, ತಪ್ಪು ಹೇಳಿದ್ನಾ?’

‘ಇಲ್ಲ ಕಂದಾ, ಸರಿಯಾಗೇ ಹೇಳ್ದೆ’ ಅಂದೆ.